ಮದುವೆ ಮೇಕಪ್ ಪ್ಯಾಕೇಜ್: ಮೊದಲು ಟ್ರಯಲ್, ಆಮೇಲೆ ಅಡ್ವಾನ್ಸ್

ಮಾಘ, ಫಾಲ್ಗುಣ, ವೈಶಾಖದ ಮುಹೂರ್ತಗಳಿಗೆ ಬುಕಿಂಗ್ ಶುರುವಾಗಿದೆ. ಒಂದು ದಿನಕ್ಕೆ ಒಂದೇ ಮದುವೆ ಒಪ್ಪಿಕೊಳ್ಳುತ್ತೇವೆ. ಹಾಗಾಗಿ ಒಳ್ಳೆಯ ಮುಹೂರ್ತದ ದಿನಗಳು ಬೇಗ ಹೋಗಿಬಿಡುತ್ತವೆ.

ಆದರೆ ಅಡ್ವಾನ್ಸ್ ಕಳಿಸೋ ಮುಂಚೆ ಟ್ರಯಲ್ ಮಾಡಿಸಿಕೊಳ್ಳಿ. ಯಾರದ್ದೋ ಮುಖದ ಫೋಟೊ ನೋಡಿ ನಿಮ್ಮ ಮದುವೆಗೆ ದುಡ್ಡು ಕಟ್ಟೋದು ಯಾಕೆ, ಅಲ್ವಾ?

ಟ್ರಯಲ್‌ಗೆ ₹2,000. ಪೂರ್ತಿ ಮೇಕಪ್, ಒಂದು ಹೇರ್‌ಸ್ಟೈಲ್, ಸುಮಾರು ಎರಡು ಗಂಟೆ. ನಮ್ಮಲ್ಲೇ ಬುಕ್ ಮಾಡಿದರೆ ಈ ದುಡ್ಡನ್ನು ಪ್ಯಾಕೇಜ್‌ನಲ್ಲಿ ಕಳೆಯುತ್ತೇವೆ. ಇಷ್ಟ ಆಗಲಿಲ್ಲ ಅಂದರೆ ಮುಖ ತೊಳೆದುಕೊಂಡು ಹೊರಡಿ, ನಮಗೇನೂ ಬೇಜಾರಿಲ್ಲ.

ಬರುವಾಗ ಮದುವೆ ಸೀರೆಯ ಬಣ್ಣದ್ದೇ ಬ್ಲೌಸ್ ಹಾಕಿಕೊಂಡು ಬನ್ನಿ. ಬಿಳಿ ಟೀ ಶರ್ಟ್ ಮೇಲೆ ಚೆಂದ ಕಂಡ ಲಿಪ್‌ಸ್ಟಿಕ್, ಕೆಂಪು ರೇಷ್ಮೆ ಸೀರೆ ಉಟ್ಟಾಗ ಸಪ್ಪೆ ಕಾಣಬಹುದು. ಮೇಕಪ್ ಮುಗಿದ ಮೇಲೆ ಕಿಟಕಿ ಬೆಳಕಲ್ಲಿ ಒಂದು, ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗೆದು ತೋರಿಸುತ್ತೇವೆ. ಕೆಲವು ಪೌಡರ್ ಕನ್ನಡಿಯಲ್ಲಿ ಸರಿಯಾಗೇ ಇರುತ್ತವೆ, ಫ್ಲ್ಯಾಶ್ ಬಿದ್ದ ಕೂಡಲೇ ಬೂದಿ ಬಳಿದ ಹಾಗೆ ಕಾಣುತ್ತವೆ. ಆಮೇಲೆ ಮನೆಗೆ ಹೋಗಿ, ಊಟ ಮಾಡಿ, ಓಡಾಡಿ. ಸಂಜೆಗೆ ಮೂಗಿನ ಪಕ್ಕ, ಕಣ್ಣಿನ ಕೆಳಗೆ ಹೇಗಿದೆ ಅಂತ ಒಂದು ಫೋಟೊ ಕಳಿಸಿ. ನಮಗೆ ಬೇಕಾಗಿರೋದು ಅದೇ.

ನಿಮ್ಮ ಮನೆಯಲ್ಲಿ ಬಾಸಿಂಗ ಕಟ್ಟುತ್ತಾರಾ? ಟ್ರಯಲ್ ದಿನವೇ ಹೇಳಿ. ಅದರ ದಾರ ಹಣೆಗೆ ಒತ್ತಿ ಫೌಂಡೇಶನ್ ಮೇಲೆ ಗೆರೆ ಬೀಳುತ್ತದೆ, ಬೈತಲೆಬೊಟ್ಟು ಜರುಗುತ್ತದೆ. ಅದಕ್ಕೆ ತಕ್ಕ ಹಾಗೆ ಪಿನ್ ಹಾಕಬೇಕು. ಹಿಂದಿನ ದಿನ ಅರಿಶಿನ ಶಾಸ್ತ್ರ ಇದ್ದರೂ ಹೇಳಿ. ಚರ್ಮ ಸ್ವಲ್ಪ ಹಳದಿ ತಿರುಗಿರುತ್ತದೆ, ಟ್ರಯಲ್‌ನಲ್ಲಿ ಆರಿಸಿದ ಶೇಡ್ ಅವತ್ತು ಹೊಂದದೇ ಇರಬಹುದು. ಪಕ್ಕದ ಶೇಡ್ ಕೂಡ ತಂದಿರುತ್ತೇವೆ.

ಈಗ ರೇಟ್.

ಮುಹೂರ್ತಕ್ಕೆ ಮಾತ್ರ: ₹12,000. ಎಚ್‌ಡಿ ಮೇಕಪ್, ಹೇರ್‌ಸ್ಟೈಲ್, ಸೀರೆ ಉಡಿಸೋದು, ಒಡವೆ ಹಾಕೋದು ಎಲ್ಲ ಸೇರಿ.

ಮುಹೂರ್ತ ಮತ್ತು ರಿಸೆಪ್ಷನ್: ₹22,000. ಎರಡೂ ಎಚ್‌ಡಿ, ಎರಡು ಬೇರೆ ಬೇರೆ ಲುಕ್. ಎರಡೂ ಸೀರೆಗಳ ನೆರಿಗೆ ಹಿಂದಿನ ದಿನವೇ ಇಸ್ತ್ರಿ ಮಾಡಿ ಪಿನ್ ಹಾಕಿ ಇಡುತ್ತೇವೆ. ಜಾಸ್ತಿ ಜನ ತಗೊಳ್ಳೋದು ಇದನ್ನೇ.

ಎರಡೂ ಏರ್‌ಬ್ರಷ್: ₹30,000. ಟ್ರಯಲ್‌ಗೆ ಕಟ್ಟಿದ ದುಡ್ಡನ್ನು ಇದರಲ್ಲೂ ಕಳೆಯುತ್ತೇವೆ. ಹೇರ್ ಎಕ್ಸ್‌ಟೆನ್ಶನ್ ಕೂಡ ಸೇರಿದೆ. ಏರ್‌ಬ್ರಷ್‌ನಲ್ಲಿ ಸಣ್ಣ ಗನ್‌ನಿಂದ ತೆಳುವಾಗಿ ಸ್ಪ್ರೇ ಮಾಡುತ್ತೇವೆ, ಹಾಗಾಗಿ ಮುಖ ಭಾರ ಅನಿಸೋದಿಲ್ಲ. ಆದರೆ ಚರ್ಮ ತುಂಬಾ ಒಣಗಿದ್ದರೆ ಎಚ್‌ಡಿಯೇ ಸಾಕು. ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ.

ಮೊಗ್ಗಿನ ಜಡೆ ಯಾವ ಪ್ಯಾಕೇಜ್‌ನಲ್ಲೂ ಸೇರಿಲ್ಲ, ಹೂವಿನ ರೇಟ್ ದಿನಕ್ಕೊಂದು ಇರುತ್ತದೆ. ನೀವು ತಂದರೆ ಕಟ್ಟಿಕೊಡುತ್ತೇವೆ, ಅದಕ್ಕೆ ದುಡ್ಡಿಲ್ಲ. ಅಮ್ಮ, ಅತ್ತೆ, ಅಕ್ಕ ತಂಗಿಯರ ಮೇಕಪ್ ತಲಾ ₹2,500. ಬರೀ ಸೀರೆ ಉಡಿಸೋದಕ್ಕೆ ₹600.

ಮದುಮಗಳು ರೆಡಿ ಆಗೋಕೆ ಎರಡೂವರೆ ಗಂಟೆ ಬೇಕು. ಮುಹೂರ್ತ 6:30ಕ್ಕಿದ್ದರೆ 3:30ಕ್ಕೆ ಕುರ್ಚಿಯಲ್ಲಿ ಕೂತಿರಬೇಕು. ಬೆಳಗಿನ ಜಾವ 4ಕ್ಕಿಂತ ಮೊದಲು ಶುರು ಮಾಡಬೇಕಾದರೆ ₹1,500 ಜಾಸ್ತಿ. ಛತ್ರ 15 ಕಿಲೋಮೀಟರ್‌ಗಿಂತ ದೂರ ಇದ್ದರೆ ಕಾರ್ ಬಾಡಿಗೆ ನಿಮ್ಮದು.

ಅಡ್ವಾನ್ಸ್ ಶೇ. 30. ಅಂದರೆ ₹3,600, ₹6,600 ಅಥವಾ ₹9,000. ಅದು ಬಂದ ಮೇಲೇನೇ ಡೇಟ್ ನಿಮ್ಮದು, ಬರೀ ಮಾತಿನ ಮೇಲೆ ಹಿಡಿದಿಡೋಕೆ ಆಗಲ್ಲ. ಉಳಿದದ್ದನ್ನು ಮದುವೆ ಹಿಂದಿನ ದಿನ ಕೊಡಿ. ಮದುವೆ ಬೆಳಗ್ಗೆ ಅಪ್ಪನ ಹತ್ತಿರ ದುಡ್ಡು ಕೇಳೋದು ನಮಗೂ ಮುಜುಗರ. ಮದುವೆ ಮುಂದಕ್ಕೆ ಹೋದರೆ 30 ದಿನ ಮೊದಲು ತಿಳಿಸಿ, ಒಂದು ಸಲ ಡೇಟ್ ಬದಲಾಯಿಸಿಕೊಡುತ್ತೇವೆ. ನೀವಾಗಿ ಕ್ಯಾನ್ಸಲ್ ಮಾಡಿದರೆ ಅಡ್ವಾನ್ಸ್ ವಾಪಸ್ ಇಲ್ಲ. ನಮ್ಮಿಂದಲೇ ಬರೋಕೆ ಆಗದಿದ್ದರೆ ಪೂರ್ತಿ ವಾಪಸ್.

ಇನ್ನೊಂದು ಮಾತು. ಮದುವೆ ವಾರದಲ್ಲಿ ಹೊಸ ಫೇಶಿಯಲ್, ಹೊಸ ಕ್ರೀಮ್ ಏನೂ ಬೇಡ. ಯಾರೇ ಹೇಳಿದರೂ ಬೇಡ. ಐಬ್ರೋ ಎರಡು ಮೂರು ದಿನ ಮೊದಲೇ ಮಾಡಿಸಿ. ಹಿಂದಿನ ದಿನ ತಲೆಗೆ ಸ್ನಾನ ಮಾಡಿ, ಎಣ್ಣೆ ಹಚ್ಚಬೇಡಿ. ಅಲರ್ಜಿ ಇದ್ದವರು ಟ್ರಯಲ್‌ಗೆ ಎರಡು ದಿನ ಮೊದಲು ಬನ್ನಿ, ಕಿವಿ ಹಿಂದೆ ಸ್ವಲ್ಪ ಹಚ್ಚಿ ನೋಡೋಣ.

ಇನ್‌ಬಾಕ್ಸ್‌ಗೆ ಮದುವೆ ತಾರೀಕು, ಮುಹೂರ್ತದ ಟೈಮ್, ಛತ್ರ ಇರುವ ಜಾಗ ಕಳಿಸಿ. ಡೇಟ್ ಖಾಲಿ ಇದೆಯಾ ಅಂತ ಅವತ್ತೇ ಹೇಳುತ್ತೇವೆ. ಟ್ರಯಲ್ ಮಂಗಳವಾರದಿಂದ ಗುರುವಾರದವರೆಗೆ, ಬೆಳಗ್ಗೆ 11ಕ್ಕೆ ಮತ್ತು ಮಧ್ಯಾಹ್ನ 3ಕ್ಕೆ.

#ಮದುವೆಮೇಕಪ್ #ಮದುಮಗಳು #ಬ್ರೈಡಲ್‌ಟ್ರಯಲ್ #ಮುಹೂರ್ತಲುಕ್