ಅಬ್ಬಲಿಗೆ ಅಂದವಳಿಗೆ ಮಲ್ಲಿಗೆ ತಂದೆ

ಸುಚೇತಾ,

‘ಹೂವಿಗೆ ಥ್ಯಾಂಕ್ಸ್. ನೀವೂ ಮಲಗಿ.’

ನಿನ್ನೆ ರಾತ್ರಿ ನೀನು ಕಳಿಸಿದ್ದು ಇಷ್ಟೇ. ಆ ‘ನೀವು’ ಓದಿದ ಮೇಲೆ ಎಲ್ಲಿಯ ನಿದ್ದೆ? ‘ನೀವು’ ಬಿಟ್ಟು ‘ನೀನು’ ಅನ್ನೋದಕ್ಕೆ ನಮಗೆ ಐದು ತಿಂಗಳು ಹಿಡಿದಿತ್ತು. ಎಂಟು ಸೀನು ಸೀನಿ ನೀನು ಒಂದೇ ಸಂಜೆಯಲ್ಲಿ ವಾಪಸ್ ಹೋಗಿಬಿಟ್ಟೆ. ಹೌದು, ಎಂಟು. ಎಣಿಸಿದ್ದೀನಿ.

ಮೊದಲು ತಪ್ಪು ಒಪ್ಪಿಕೊಳ್ತೀನಿ, ಆಮೇಲೆ ಉಳಿದದ್ದು. ಮಲ್ಲಿಗೆ ನಿನಗೆ ಆಗಿಬರಲ್ಲ ಅಂತ ನೀನು ಹೇಳಿದ್ದೆ. ಸ್ಪಷ್ಟವಾಗಿ ಹೇಳಿದ್ದೆ. ಜುಲೈ ತಿಂಗಳ ಎರಡನೇ ಶನಿವಾರ, ನಿನಗೆ ಬ್ಯಾಂಕ್ ರಜೆ, ಹೊರಗೆ ಜಡಿಮಳೆ, ನಾವಿಬ್ಬರೂ ಗೋಳಿಬಜೆ ಮುಂದಿಟ್ಟುಕೊಂಡು ಕೂತಿದ್ದೆವು. ‘ಮಲ್ಲಿಗೆ ಮೂಗಿಗೆ ಬಡಿದ್ರೆ ಸಾಕು, ಸೀನು ಶುರು, ಅದರ ಹಿಂದೆನೇ ಅರ್ಧ ತಲೆನೋವು. ನನಗೆ ಅಬ್ಬಲಿಗೆಯೇ ಸೈ’ ಅಂದೆ. ಅಬ್ಬಲಿಗೆ ಹೇಗಿರುತ್ತೆ ಅಂತ ತೋರಿಸೋದಕ್ಕೆ ಬಲಗೈ ಬೆರಳು ಐದನ್ನೂ ಸೇರಿಸಿ ಒಂದು ಪುಟ್ಟ ಬೀಸಣಿಗೆ ಮಾಡಿ, ಮೇಜಿನ ಮೇಲೆ ಬಿಚ್ಚಿ ಹಿಡಿದೆ. ತೋರುಬೆರಳ ತುದಿಯಲ್ಲಿ ಚಟ್ನಿಯ ಒಂದು ಚುಕ್ಕೆ ಇತ್ತು. ನಾನು ಆ ಬೆರಳನ್ನೇ ನೋಡ್ತಾ ಕೂತೆ. ಕಿವಿಗೆ ಬಿದ್ದ ಎರಡು ಹೂವಿನಲ್ಲಿ ‘ಲಿಗೆ’ ಅನ್ನೋ ಬಾಲ ಮಾತ್ರ ತಲೆಯಲ್ಲಿ ಉಳಿಯಿತು. ಯಾವುದು ಇಷ್ಟ, ಯಾವುದು ಕಷ್ಟ ಅನ್ನೋದು ಅದಲುಬದಲಾಯಿತು.

ಬೆರಳು ಚೆನ್ನಾಗಿತ್ತು ಅನ್ನೋದು ನಿಜ. ಹಾಗಂತ ಅದು ನೆಪ ಆಗಲ್ಲ. ನಿನ್ನ ಮಾತು ಕೇಳೋದೂ ನಿನ್ನನ್ನು ನೋಡೋದೂ ಎರಡೂ ಒಟ್ಟಿಗೆ ಆಗಬೇಕು. ಇನ್ನು ಮೇಲೆ ಆಗುತ್ತೆ.

ಆ ಮಲ್ಲಿಗೆ ಹೇಗೆ ಬಂತು ಅಂತ ನಿನಗೆ ಹೇಳೋ ಅವಕಾಶವೇ ಸಿಗಲಿಲ್ಲ. ಶನಿವಾರ ಕೆಲಸ ಮುಗಿಸಿ ಉಡುಪಿ ಪೇಟೆಗೆ ಬಂದಾಗ ಶಂಕರಪುರ ಮಲ್ಲಿಗೆ ಬಾಳೆಲೆ ಮೇಲೆ ಸುರುಳಿ ಸುರುಳಿಯಾಗಿ ಕೂತಿತ್ತು. ನಮ್ಮ ಕಡೆ ಹೂವು ಮೊಳದ ಲೆಕ್ಕ. ಅಲ್ಲಿ ಚೆಂಡು ಅಂದರು. ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಅಂದರೆ 3,200. ಎಂಟುನೂರು ಮೊಗ್ಗನ್ನು ಬಾಳೆನಾರಿನಲ್ಲಿ ಒಂದೊಂದಾಗಿ ಯಾರೋ ಕೂತು ಕಟ್ಟಿದ್ದಾರೆ ಅಂತ ತಿಳಿದ ಮೇಲೆ ಬಿಟ್ಟು ಬರೋದಕ್ಕೆ ಮನಸ್ಸು ಬರಲಿಲ್ಲ. ನಿನ್ನ ಊರ ಕಡೆಯ ಹೂವು, ನಿನ್ನ ಜಡೆಗೆ ಸೇರಲಿ ಅಂತ ಒಂದು ಚೆಂಡು ತೆಗೆದುಕೊಂಡೆ. ರಾತ್ರಿ ಬಸ್ಸಿನಲ್ಲಿ ಮಂಗಳೂರು ದಾಟಿ, ಸಂಪಾಜೆ ಘಾಟಿಯ ತಿರುವುಗಳಲ್ಲಿ ಎಲ್ಲರೂ ಆ ಕಡೆ ಈ ಕಡೆ ವಾಲುತ್ತಿದ್ದರೆ, ನಾನು ಆ ಬಾಳೆಲೆ ಪೊಟ್ಟಣವನ್ನು ತೊಡೆ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ. ಮನೆಗೆ ಬಂದವನೇ ಫ್ರಿಜ್ಜಿನಲ್ಲಿ ತರಕಾರಿ ಹಿಂದೆ ಬಚ್ಚಿಟ್ಟೆ. ಮಧ್ಯಾಹ್ನ ಊಟಕ್ಕೆ ಕೂತರೆ ಮೊಸರೆಲ್ಲಾ ಮಲ್ಲಿಗೆ ಘಮ! ಅಮ್ಮ ನನ್ನ ಮುಖ ನೋಡಿದರು, ಏನೂ ಕೇಳಲಿಲ್ಲ.

ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನೀನು ಪೊಟ್ಟಣ ಬಿಚ್ಚಿದೆ. ಒಳಗೇನಿದೆ ಅಂತ ಕಾಣೋ ಮುಂಚೆ, ಬಾಳೆನಾರಿನ ಗಂಟನ್ನು ಉಗುರಿನಿಂದ ಸಡಿಲಿಸ್ತಾ ನನ್ನ ಕಡೆ ಒಂದು ನೋಟ ನೋಡಿದೆಯಲ್ಲ, ಅದೊಂದು ನನಗೆ ಸಾಕಾಗಿತ್ತು. ಮರುಗಳಿಗೆಯಲ್ಲಿ ಮೂಗು ಕೆಂಪಾಯಿತು. ಒಂದು, ಎರಡು, ಮೂರು... ನಾಲ್ಕನೆಯದಕ್ಕೆ ದಡದ ಮರದಲ್ಲಿದ್ದ ಹೆಜ್ಜಾರ್ಲೆಯೊಂದು ರೆಕ್ಕೆ ಬಡಿದು ನೀರಿನ ಕಡೆ ಹಾರಿತು. ವಾಕಿಂಗ್ ಹೊರಟಿದ್ದ ಆ ಅಜ್ಜಿ ನಿಂತು, ನೀನು ಸೀನಿದಷ್ಟು ಸಲವೂ ‘ನೂರು ವರ್ಷ ಬಾಳವ್ವಾ’ ಅಂದರು. ಒಂದು ಸಲವೂ ತಪ್ಪಿಸಲಿಲ್ಲ. ಅಲ್ಲಿಗೆ ನಿನ್ನ ಲೆಕ್ಕಕ್ಕೆ ಎಂಟುನೂರು ವರ್ಷ ಜಮಾ ಆಯಿತು. ನನ್ನ ಮಲ್ಲಿಗೆ ಎಂಟುನೂರು, ನಿನ್ನ ಆಯುಸ್ಸೂ ಎಂಟುನೂರು! ಬ್ಯಾಂಕಿನವಳು ನೀನು, ಲೆಕ್ಕ ತಾಳೆಯಾಯಿತೋ ಇಲ್ಲವೋ ನೋಡು. ಅದರಲ್ಲಿ ಒಂದು ಐವತ್ತು ವರ್ಷ ನನ್ನ ಹೆಸರಿಗೆ ವರ್ಗಾಯಿಸೋದಕ್ಕೆ ಆಗುತ್ತಾ? ಯಾವ ಫಾರಂ ಕೊಟ್ಟರೂ ತುಂಬಿಕೊಡ್ತೀನಿ.

ಇನ್ನೊಂದು ಸಮಾಧಾನ ನನಗೆ. ಒಂಟಿ ಸೀನು ಆದರೆ ಹೊರಟ ಕೆಲಸ ನಿಲ್ಲಿಸಿ ಸ್ವಲ್ಪ ಕೂತು ಹೋಗಬೇಕು ಅಂತ ನಮ್ಮ ಮನೆಯಲ್ಲಿ ಹೇಳ್ತಾರೆ. ಎಂಟು ಸರಿಸಂಖ್ಯೆ. ಹೊರಟ ಕೆಲಸ ಮುಂದುವರಿಸಬಹುದು.

ಆದರೆ ಆಟೋ ಹತ್ತುವಾಗ ನಿನ್ನ ಕಣ್ಣು ಊದಿಕೊಂಡಿತ್ತು, ಹಣೆ ಒತ್ತಿ ಹಿಡಿದುಕೊಂಡಿದ್ದೆ. ಅಷ್ಟಾದರೂ ಹೂವಿನ ಪೊಟ್ಟಣವನ್ನು ಮತ್ತೆ ನೀಟಾಗಿ ಕಟ್ಟಿ ನನ್ನ ಕೈಗೆ ಕೊಟ್ಟು, ‘ಪಾಪ, ಹೂವಿಂದೆಂತ ತಪ್ಪು’ ಅಂದೆ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತೆ. ನಿನ್ನ ತಲೆನೋವಿಗೆ ನಾನು ಕಾರಣ ಆದೆ. ಸಾರಿ ಕಣೇ. ಮನಸಾರೆ ಸಾರಿ.

ಇವತ್ತು ಬೆಳಿಗ್ಗೆ ಆರೂವರೆಗೆ ದೇವರಾಜ ಮಾರುಕಟ್ಟೆಗೆ ಹೋದೆ. ಹೂವಿನ ಸಾಲಿನಲ್ಲಿ ಮೊದಲ ಅಂಗಡಿಯಲ್ಲೇ ಕೇಳಿದೆ, ‘ಅಬ್ಬಲಿಗೆ ಇದೆಯಾ?’ ಆತ ಸೇವಂತಿಗೆ ತೋರಿಸಿದ. ಎರಡನೇ ಅಂಗಡಿಯಲ್ಲಿ ‘ಅಂಥ ಹೂವು ಇಲ್ಲಿಗೆ ಬರಲ್ಲ ಸಾರ್’ ಅಂದರು. ಮೂರನೆಯದರಲ್ಲಿ ಒಬ್ಬ ಅಮ್ಮ ಕೂತು ಹೂವು ಕಟ್ಟುತ್ತಿದ್ದರು. ಅವರೂ ‘ಅದ್ಯಾವ ಹೂವು ಸ್ವಾಮಿ?’ ಅಂದರು. ಆಗ ನನಗೆ ತಟ್ಟನೆ ನಿನ್ನ ಕೈ ನೆನಪಾಯಿತು. ಬಲಗೈ ಬೆರಳು ಐದನ್ನೂ ಸೇರಿಸಿ, ಪುಟ್ಟ ಬೀಸಣಿಗೆ ಹಾಗೆ ಬಿಚ್ಚಿ ತೋರಿಸಿದೆ. ಥೇಟ್ ನೀನು ತೋರಿಸಿದ ಹಾಗೇ. ಆ ಅಮ್ಮ ನಕ್ಕುಬಿಟ್ಟರು. ‘ಅಯ್ಯೋ, ಕನಕಾಂಬರ ಅನ್ನಬಾರದಾ!’

ಕನಕಾಂಬರ! ಹುಟ್ಟಿದಾಗಿನಿಂದ ಅಮ್ಮನ ತುರುಬಿನಲ್ಲಿ, ಅಜ್ಜಿಯ ದೇವರ ಗೂಡಿನಲ್ಲಿ, ನಮ್ಮ ನಂಜನಗೂಡಿನ ಮನೆಯ ಹಿತ್ತಿಲಿನಲ್ಲಿ ನೋಡಿರೋ ಹೂವು. ಅದೇ ನಿನ್ನ ಅಬ್ಬಲಿಗೆ. ನಿಮ್ಮೂರಲ್ಲಿ ಒಂದು ಹೆಸರು, ನಮ್ಮೂರಲ್ಲಿ ಒಂದು ಹೆಸರು. ನೀನು ಕುಂದಾಪುರದಲ್ಲಿ, ನಾನು ನಂಜನಗೂಡಿನಲ್ಲಿ, ಇಷ್ಟು ವರ್ಷ ಒಂದೇ ಹೂವಿನ ಪಕ್ಕದಲ್ಲಿ ಓಡಾಡಿಕೊಂಡಿದ್ದೆವು ಅಂತ ಗೊತ್ತಾದಾಗ, ಮಾರುಕಟ್ಟೆ ಮಧ್ಯೆ ಬುಟ್ಟಿ ಹೊತ್ತವರು ‘ದಾರಿ ಬಿಡಿ’ ಅಂತ ಕೂಗುತ್ತಿದ್ದರೂ ನಾನು ಅಲ್ಲೇ ನಿಂತುಬಿಟ್ಟಿದ್ದೆ.

ಎರಡು ಮೊಳ ಕೇಳಿದೆ. ‘ಬರೀ ಕನಕಾಂಬರ ಬೋಳುಬೋಳು ಕಾಣುತ್ತೆ, ನಡುನಡುವೆ ಮಲ್ಲಿಗೆ ಹಾಕ್ತೀನಿ’ ಅಂದರು. ಬೇಡವೇ ಬೇಡ ಅಂದೆ. ಮರುಗ? ಅದೂ ಬೇಡ, ಅದಕ್ಕೂ ವಾಸನೆ. ‘ಘಮ ಇಲ್ಲದ ಹೂವನ್ನು ಇಷ್ಟು ಹುಡುಕಿಕೊಂಡು ಬಂದಿದ್ದೀರಲ್ಲ, ಯಾರಿಗೆ?’ ಅಂದರು. ‘ಒಬ್ಬರಿಗೆ ಸಾರಿ ಹೇಳಬೇಕು’ ಅಂದೆ. ಮೊಣಕೈಯಿಂದ ಬೆರಳ ತುದಿಗೆ ಎರಡು ಸಲ ಅಳೆದು, ಆಮೇಲೆ ಒಂದು ಗೇಣು ಹೆಚ್ಚಿಗೆ ಬಿಟ್ಟು ಕತ್ತರಿಸಿದರು. ಆ ಗೇಣಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ ಕಣೇ. ಎಸಳು ತೆಳು ಅಂದರೆ ತೆಳು, ಬೆಳಕಿಗೆ ಹಿಡಿದರೆ ನರ ಕಾಣುತ್ತೆ. ಮಲ್ಲಿಗೆ ಮೂರು ಮನೆ ಆಚೆಯಿಂದಲೇ ಬಂದೆ ಬಂದೆ ಅಂತ ಕೂಗುತ್ತೆ. ಇದು ಹತ್ತಿರ ಬಂದವರಿಗೆ ಮಾತ್ರ. ನಿನಗೆ ಇದೇ ಯಾಕೆ ಇಷ್ಟ ಅಂತ ಈಗ ಅರ್ಥವಾಗ್ತಿದೆ. ನೀನೂ ಗದ್ದಲ ಮಾಡಿ ಬಂದವಳಲ್ಲ.

ಮಲ್ಲಿಗೆ ಏನಾಯಿತು ಅಂತ ಕೇಳ್ತೀಯ. ರಾತ್ರಿ ಮನೆಗೆ ತಂದೆ. ಅಮ್ಮ ದೇವರಿಗೆ ಒಂದಿಷ್ಟು ಇಟ್ಟು, ಉಳಿದದ್ದನ್ನು ಕತ್ತರಿಸಿ ಅಕ್ಕಪಕ್ಕದ ಮನೆಗೆಲ್ಲ ಹಂಚಿ ಬಂದರು. ಬಂದವರು ನನ್ನ ಎದುರು ಕೂತು, ‘ಒಂದು ಚೆಂಡು ಹೂವು ಯಾರಿಗೆ ತಂದಿದ್ದೆ?’ ಅಂದರು. ನಿನ್ನ ಹೆಸರು ಹೇಳಿದೆ. ಸುಳ್ಳು ಹೇಳೋದಕ್ಕೆ ಮನಸ್ಸಾಗಲಿಲ್ಲ, ಮುಚ್ಚಿಡೋದಕ್ಕೂ ಇಷ್ಟ ಇರಲಿಲ್ಲ. ನಡೆದದ್ದನ್ನೆಲ್ಲ ಕೇಳಿ ಅಮ್ಮ ಅಂದದ್ದು ಇಷ್ಟು: ‘ಹುಡುಗಿ ಹೇಳಿದ್ದನ್ನ ಮೊದಲು ಕಿವಿಗೆ ಹಾಕ್ಕೊಳ್ಳೋದು ಕಲಿ. ಹೂವು ಆಮೇಲೆ ತರುವಿಯಂತೆ.’ ನೀನು ಇನ್ನೂ ನೋಡದ ಮನೆಯಲ್ಲಿ ಆಗಲೇ ನಿನ್ನ ಪರವಾಗಿ ಒಬ್ಬರಿದ್ದಾರೆ.

ಕಿವಿಗೆ ಹಾಕಿಕೊಂಡದ್ದೂ ಇದೆ, ಕೇಳು. ನಿನಗೆ ಕಾಫಿಗಿಂತ ಚಹಾ, ಅದೂ ಶುಂಠಿ ಜಾಸ್ತಿ. ರಾತ್ರಿ ಹತ್ತರ ಮೇಲೆ ಫೋನ್ ಬಂದರೆ ಮೊದಲು ಅಪ್ಪನ ಆರೋಗ್ಯ ನೆನಪಾಗಿ ಎದೆ ಹೊಡೆದುಕೊಳ್ಳುತ್ತೆ, ಅದಕ್ಕೇ ನಾನು ಹತ್ತರ ಮೇಲೆ ಮೆಸೇಜು ಮಾತ್ರ ಮಾಡೋದು. ಮತ್ತೆ ನಿನ್ನ ಅಜ್ಜಿ ಮನೆ. ಅಂಗಳದ ಅಂಚಿಗೆ ಸಾಲಾಗಿ ಅಬ್ಬಲಿಗೆ ಗಿಡ, ಒಣಗಿದ ತೆನೆಗೆ ಮೊದಲ ಮಳೆ ಹನಿ ಬಿದ್ದಾಗ ಕಾಯಿ ಚಟ್ ಚಟ್ ಅಂತ ಸಿಡಿಯೋದು, ನೀನು ಬರಿಗಾಲಲ್ಲಿ ನಿಂತು ಕೇಳಿಸಿಕೊಳ್ಳೋದು. ಅದನ್ನು ಹೇಳುವಾಗ ನಿನ್ನ ದನಿ ಸಣ್ಣದಾಗಿತ್ತು. ಅಜ್ಜಿ ಹೋದ ಮೇಲೆ ಆ ಗಿಡಕ್ಕೆ ನೀರು ಹಾಕುವವರಿಲ್ಲ ಅಂದಿದ್ದೆ.

ಸಂಜೆ ಕೆಲಸದಿಂದ ಬಂದವನು ನಮ್ಮ ಹಿತ್ತಿಲಿನ ಗಿಡದಿಂದ ಒಣಗಿದ ತೆನೆ ಬಿಡಿಸಿದೆ. ಒಂದು ತಟ್ಟೆಗೆ ನಾಲ್ಕು ಕಾಯಿ ಹಾಕಿ ನೀರು ಚಿಮುಕಿಸಿದೆ. ಮೊದಲು ಏನೂ ಆಗಲಿಲ್ಲ. ಬಗ್ಗಿ ನೋಡ್ತಿದ್ದ ಹಾಗೇ ಒಂದು ಚಟ್ ಅಂತ ಸಿಡಿದು ಬೀಜ ನನ್ನ ಕೆನ್ನೆಗೆ ಬಡಿಯಿತು. ನೀನೇ ಹೊಡೆದ ಹಾಗಿತ್ತು, ಮೆತ್ತಗೆ. ಉಳಿದ ಮೂರನ್ನು ತಕ್ಷಣ ಒರೆಸಿ ಎತ್ತಿಟ್ಟೆ, ಒಬ್ಬನೇ ಕೇಳೋ ಸದ್ದಲ್ಲ ಅದು ಅನ್ನಿಸಿತು. ಆದರೆ ಎತ್ತಿಟ್ಟ ಡಬ್ಬಿಯೊಳಗೇ ಎರಡು ಸಿಡಿದುಬಿಟ್ಟವು. ಅವಕ್ಕೂ ಕಾಯೋದಕ್ಕೆ ಬರಲ್ಲ. ಮತ್ತೆ ಹೋಗಿ ಒಂದು ಹಿಡಿ ಒಣ ತೆನೆ ಬಿಡಿಸಿ, ಕಾಗದದ ಪೊಟ್ಟಣ ಕಟ್ಟಿ ಇಟ್ಟಿದ್ದೀನಿ.

ನಾಳೆ ಸಂಜೆ ಆರಕ್ಕೆ, ಅದೇ ಕೆರೆ, ಅದೇ ಕಲ್ಲುಬೆಂಚು. ಎರಡು ಮೊಳ ಒಂದು ಗೇಣು ಅಬ್ಬಲಿಗೆ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪಾಗಿದೆ, ಈ ಸಲ ಫ್ರಿಜ್ಜಿನಲ್ಲಿ ಎಲ್ಲರಿಗೂ ಕಾಣೋ ಹಾಗೆ ಮುಂದೆಯೇ ಇಟ್ಟಿದ್ದೀನಿ. ತಲೆನೋವು ಪೂರ್ತಿ ಹೋಗಿದ್ದರೆ ಮಾತ್ರ ಬಾ. ಹೋಗದಿದ್ದರೆ ಹೇಳು, ಶುಂಠಿ ಚಹಾ ಫ್ಲಾಸ್ಕಿಗೆ ಹಾಕಿಕೊಂಡು ನಿನ್ನ ಪಿಜಿ ಗೇಟಿನ ಹತ್ತಿರ ಕೊಟ್ಟು ಹೋಗ್ತೀನಿ.

ಉದ್ದ ಉತ್ತರ ಬೇಡ. ನಿಮ್ಮೂರಿನವರು ಕೂಗೋ ಆ ಒಂದು ‘ಹ್ವಾಯ್’ ಕಳಿಸು, ನನಗೆ ತಿಳಿಯುತ್ತೆ. ಕಾಯಿಯ ಪೊಟ್ಟಣ ನಾನು ತರ್ತೀನಿ. ನೀರಿನ ಬಾಟಲಿ ನೀನು ತಾ.

ನಿನ್ನ,
ರಘು