ವಸೂಲಿ ಅನುಮಾನವಿರುವ ಬಾಕಿಗಳಿಗೆ ಪ್ರಾವಿಷನ್: ಲೆಕ್ಕಪತ್ರ ವಿಭಾಗದ ನಿಯಮ

ಜಾರಿ: 1 ಏಪ್ರಿಲ್ 2025. ಪೀಣ್ಯ ಕಾರ್ಖಾನೆ, ಹುಬ್ಬಳ್ಳಿ ಡಿಪೋ ಎರಡಕ್ಕೂ ಅನ್ವಯ. ಪ್ರತಿ ತ್ರೈಮಾಸಿಕದ ಕೊನೆಯ ದಿನದ ಬಾಕಿ ಪಟ್ಟಿಯ ಮೇಲೆ ಲೆಕ್ಕ ಹಾಕಬೇಕು.

ದಿನಗಳನ್ನು ಎಣಿಸುವುದು ಪಾವತಿಯ ಗಡುವಿನಿಂದ, ಇನ್‌ವಾಯ್ಸ್ ತಾರೀಖಿನಿಂದಲ್ಲ. 45 ದಿನ ಸಾಲ ಕೊಟ್ಟ ಗ್ರಾಹಕರ ಬಿಲ್ಲಿಗೆ 46ನೇ ದಿನವೇ ಮೊದಲ ದಿನ.

| ಗಡುವು ಮೀರಿದ ಅವಧಿ | ಪ್ರಾವಿಷನ್ |
|---|---|
| ಗಡುವು ಮೀರಿಲ್ಲ | 0.5% |
| 1–90 ದಿನ | 2% |
| 91–180 ದಿನ | 10% |
| 181–365 ದಿನ | 30% |
| 1 ವರ್ಷ ಮೀರಿ 2 ವರ್ಷದವರೆಗೆ | 60% |
| 2 ವರ್ಷ ಮೀರಿದ್ದು | 100% |

ಈ ದರಗಳಿಗೆ ಆಧಾರ ಹಿಂದಿನ ಮೂರು ವರ್ಷಗಳ ನಮ್ಮದೇ ವಸೂಲಿ ದಾಖಲೆ. ಪ್ರತಿ ಮಾರ್ಚ್‌ನಲ್ಲಿ ಮರುಪರಿಶೀಲಿಸಬೇಕು. ಆ ವರ್ಷದ ಲಾಭ ಕಡಿಮೆ ಕಾಣುತ್ತದೆಂಬ ಕಾರಣಕ್ಕೆ ದರ ಇಳಿಸುವಂತಿಲ್ಲ.

ದರ ಅನ್ವಯಿಸುವುದು ಜಿಎಸ್‌ಟಿ ಸೇರಿದ ಪೂರ್ತಿ ಮೊತ್ತಕ್ಕೆ. ಗ್ರಾಹಕ ಹಣ ಕೊಡದಿದ್ದರೂ ನಾವು ಕಟ್ಟಿದ ತೆರಿಗೆ ವಾಪಸ್ ಬರುವುದಿಲ್ಲ, ಹಾಗಾಗಿ ಅದೂ ನಮ್ಮದೇ ನಷ್ಟ. ರೂ. 4,00,000ದ ಮಾಲು, 18% ಜಿಎಸ್‌ಟಿ ರೂ. 72,000, ಗಡುವು ಮೀರಿ 200 ದಿನ: ಪ್ರಾವಿಷನ್ ರೂ. 1,41,600.

ಪಟ್ಟಿ ತಪ್ಪಾಗುವುದು ಹೆಚ್ಚಾಗಿ ಜಮೆ ಹೊಂದಿಸದೆ ಬಿಡುವುದರಿಂದ. ಟ್ಯಾಲಿಯಲ್ಲಿ ರಸೀದಿಯನ್ನು `On Account` ಎಂದು ಬಿಟ್ಟರೆ ತೀರಿದ ಬಿಲ್ಲೂ ಹಳೆಯ ಬಾಕಿಯಾಗಿ ನಿಲ್ಲುತ್ತದೆ. ಲೆಕ್ಕಕ್ಕೆ ಮೊದಲು ಎಲ್ಲ ರಸೀದಿಗಳನ್ನೂ `Agst Ref` ಕೊಟ್ಟು ಆಯಾ ಬಿಲ್ಲಿಗೆ ಹೊಂದಿಸಿ. ಗ್ರಾಹಕರು ಕಡಿತ ಮಾಡಿದ ಟಿಡಿಎಸ್ ಫಾರಂ 26ಎಎಸ್‌ನಲ್ಲಿ ಕಾಣುತ್ತಿದ್ದರೆ ಅದನ್ನು ಬಾಕಿಯಿಂದ ತೆಗೆದು ಟಿಡಿಎಸ್ ಖಾತೆಗೆ ಹಾಕಿ. ವಾರಂಟಿ ಮುಗಿಯುವವರೆಗೆ ತಡೆಹಿಡಿದ ಹಣಕ್ಕೆ ಗಡುವು ವಾರಂಟಿ ಮುಗಿದ ಮೇಲೆಯೇ. ಒಬ್ಬರ ಮುಂಗಡವನ್ನು ಇನ್ನೊಬ್ಬರ ಬಾಕಿಗೆ ವಜಾ ಮಾಡಬಾರದು.

ಗ್ರಾಹಕ ಕಂಪನಿಯ ದಿವಾಳಿ ಅರ್ಜಿಯನ್ನು ಎನ್‌ಸಿಎಲ್‌ಟಿ ಅಂಗೀಕರಿಸಿದ್ದರೆ, ಬಿಲ್ ಹತ್ತು ದಿನದ್ದಾದರೂ 100%. ಬ್ಯಾಂಕ್ ಗ್ಯಾರಂಟಿ ಇದ್ದು ಅದರ ಅವಧಿ ಇನ್ನೂ ಮುಗಿದಿಲ್ಲದಿದ್ದರೆ ಆ ಮೊತ್ತ ಕಳೆದು ಉಳಿದದ್ದಕ್ಕೆ ಮಾತ್ರ. ಗುಣಮಟ್ಟದ ತಕರಾರು ಇರುವ ಬಿಲ್ಲುಗಳನ್ನು ಪ್ರತ್ಯೇಕ ಪಟ್ಟಿ ಮಾಡಿ. ಅವಕ್ಕೆ ಮಾರಾಟ ವಿಭಾಗದ ಲಿಖಿತ ಅಂದಾಜು, ಮೇಲಿನ ದರ, ಎರಡರಲ್ಲಿ ಯಾವುದು ಹೆಚ್ಚೋ ಅದು. "ಮುಂದಿನ ವಾರ ಕೊಡ್ತಾರೆ" ಎಂಬ ಫೋನ್ ಮಾತು ಅಂದಾಜಲ್ಲ.

ಜರ್ನಲ್‌ಗೆ ಹೋಗುವುದು ವ್ಯತ್ಯಾಸ ಮಾತ್ರ. ಹಿಂದಿನ ಪ್ರಾವಿಷನ್ ರೂ. 6,80,000, ಈಗ ಬೇಕಾದದ್ದು ರೂ. 8,15,000 ಎಂದರೆ ರೂ. 1,35,000ವನ್ನು ಖರ್ಚಿಗೆ ಡೆಬಿಟ್, ಪ್ರಾವಿಷನ್ ಖಾತೆಗೆ ಕ್ರೆಡಿಟ್. ಕಡಿಮೆಯಾದರೆ ಉಲ್ಟಾ. ಗ್ರಾಹಕರ ಖಾತೆಯನ್ನು ಮುಟ್ಟಬಾರದು.

ಆದಾಯ ತೆರಿಗೆ ಲೆಕ್ಕದಲ್ಲಿ ಈ ಖರ್ಚನ್ನು ಮತ್ತೆ ಲಾಭಕ್ಕೆ ಸೇರಿಸಬೇಕು. ಪುಸ್ತಕದಲ್ಲಿ ಬಾಕಿಯನ್ನೇ ರೈಟ್ ಆಫ್ ಮಾಡಿದ ವರ್ಷ ಮಾತ್ರ ಕಡಿತ ಸಿಗುತ್ತದೆ. ರೈಟ್ ಆಫ್‌ಗೆ ನಿರ್ದೇಶಕರ ಸಹಿ ಬೇಕು.

100% ಪ್ರಾವಿಷನ್ ಆದರೂ ವಸೂಲಿ ನಿಲ್ಲಿಸುವಂತಿಲ್ಲ. ದಾವೆಗೆ ಕಾಲಮಿತಿ ಮೂರು ವರ್ಷ. ಆದ್ದರಿಂದ ಗಡುವು ಮೀರಿ 30 ತಿಂಗಳಾದ ಪ್ರತಿ ಬಿಲ್ಲಿಗೂ ಸಹಿ ಮಾಡಿದ ಬಾಕಿ ಒಪ್ಪಿಗೆ ಪತ್ರ ತರಿಸಿ. ಸಿಗದಿದ್ದರೆ ಕಡತವನ್ನು ಅದೇ ತಿಂಗಳು ವಕೀಲರಿಗೆ ಕಳಿಸಿ.