ಮಜ್ಜಿಗೆಯ ವಿಚಾರ

ಕಲಬುರಗಿ
ಅಕ್ಟೋಬರ್ 6

ಪ್ರೀತಿಯ ತಮ್ಮ ಬಸವರಾಜನಿಗೆ,

ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎನ್ನಲು ಈ ಸಲ ನೀನು ಎದುರಿಗಿರಲಿಲ್ಲ. ನಿನ್ನ ಪಾಲಿನ ಎಲೆಗಳನ್ನು ಕಾಕು ದೇವರ ಜಗಲಿಯ ಮೇಲೆ ತೆಗೆದಿಟ್ಟಿದ್ದಾಳೆ. ಮುಂದಿನ ವರ್ಷ ಬಂದು ಒಣಗಿದ್ದನ್ನೇ ತೆಗೆದುಕೊಳ್ಳಬೇಕಂತೆ.

ಮೊನ್ನೆ ವಿಡಿಯೊ ಕರೆಯಲ್ಲಿ ನೀನು ಮುಖ ಗಂಭೀರ ಮಾಡಿಕೊಂಡು, "ಅಣ್ಣಾ, ಇಲ್ಲಿ ಮಜ್ಜಿಗೆ ಯಾವುದು ಚೆನ್ನಾಗಿರುತ್ತದೆ, ಅಗ್ಗದಲ್ಲಿ?" ಎಂದು ಕೇಳಿದೆಯಲ್ಲ, ನೀನು ಕೇಳುತ್ತಿರುವುದು ಬಿಯರಿನ ವಿಚಾರ ಎಂದು ನನಗೆ ಅರೆಗಳಿಗೆಯಲ್ಲೇ ತಿಳಿಯಿತು. ಕಾಕುಗೆ ತಿಳಿಯಲಿಲ್ಲ. ಅಡುಗೆಮನೆಯಿಂದಲೇ, "ಕೊಂಡು ಯಾಕೆ ಕುಡಿಯಬೇಕು, ಮೊಸರು ತಂದು ಕಡೆದುಕೊ" ಎಂದಳು. ನಗು ತಡೆಯಲಾರದೆ ನಾನು ಫೋನನ್ನು ಕಾಕಾ ಅವರ ಕೈಗೆ ಕೊಟ್ಟು ಅಂಗಳಕ್ಕೆ ಹೋದೆ. ಆ ಮಜ್ಜಿಗೆಯ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಓದಿ ಅಳಿಸಿಬಿಡು.

ನೀನು ಈಗ ಇರುವ ಜರ್ಮನಿಯ ಲೈಪ್‌ಜಿಗ್‌ನಲ್ಲಿ ನಾನು ಓದಿದ್ದು ಎರಡೇ ವರ್ಷ. ಆಮೇಲೆ ಬಂದು ದಾಲ್ ಮಿಲ್ಲಿನಲ್ಲಿ ಕುಳಿತವನು ಮತ್ತೆ ಆ ಕಡೆ ಹೋಗಿಲ್ಲ. ಆದ್ದರಿಂದ ಬೆಲೆಯ ಮಾತಿನಲ್ಲಿ ಚಿಲ್ಲರೆ ಸೆಂಟುಗಳನ್ನು ನೀನೇ ಸರಿಪಡಿಸಿಕೊ. ವೀಸಾಕ್ಕೆಂದು ಮೊದಲೇ ಹಣ ಕಟ್ಟಿದ ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ ನಿನಗೆ ಸಿಗುವುದು 992 ಯೂರೋ. ಬಾಡಿಗೆ, ಆರೋಗ್ಯ ವಿಮೆ ಕಳೆದರೆ ಉಳಿಯುವುದೆಷ್ಟು ಎಂದು ನನಗೂ ಗೊತ್ತು. ಪಬ್ಬಿನಲ್ಲಿ ಅರ್ಧ ಲೀಟರಿಗೆ ಕೊಡುವ ಹಣದಲ್ಲಿ ಅಂಗಡಿಯಿಂದ ಮೂರು ನಾಲ್ಕು ಬಾಟಲಿ ಬರುತ್ತವೆ. ಮೂರು ಬಿಯರು ಹೇಳುತ್ತೇನೆ, ಅಂಗಡಿಯದೇ ಸಾಕು, ಕೊನೆಯದೊಂದನ್ನು ಬಿಟ್ಟು.

ಮೊದಲು ಇಲ್ಲಿಯ ಒಂದು ಅಭ್ಯಾಸವನ್ನು ಬಿಡಬೇಕು. ಜೇವರ್ಗಿ ರಸ್ತೆಯ ಡಾಬಾದಲ್ಲಿ ಕುಳಿತಾಗ ನಾವು ಕೇಳುತ್ತಿದ್ದುದು ಎರಡೇ ಪ್ರಶ್ನೆ: ಸ್ಟ್ರಾಂಗ್ ಇದೆಯೇ, ತಣ್ಣಗಿದೆಯೇ. ನಲವತ್ತೆರಡು ಡಿಗ್ರಿ ಬಿಸಿಲಿನ ಊರಿನಲ್ಲಿ ಅದು ತಪ್ಪೇನಲ್ಲ. ಆದರೆ ಹಾಗೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಮಾಡಿ ಗಟಗಟ ಇಳಿಸಿದರೆ ರುಚಿ ನಾಲಗೆಗೆ ತಿಳಿಯುವುದೇ ಇಲ್ಲ. ಅಲ್ಲಿ ಐದು ಪ್ರತಿಶತದ ಆಸುಪಾಸು ಆಲ್ಕೋಹಾಲ್ ಇರುವ ಬಿಯರನ್ನು ನಿಧಾನವಾಗಿ ಕುಡಿಯುತ್ತಾರೆ. ಅರ್ಧ ಲೀಟರು ಒಂದು ತಾಸು ಬರುತ್ತದೆ. ಅಗ್ಗದ ಬಿಯರ್ ಎಂದರೆ ಕೆಟ್ಟ ಬಿಯರ್ ಎನ್ನುವ ನಮ್ಮ ಲೆಕ್ಕವೂ ಅಲ್ಲಿ ನಡೆಯುವುದಿಲ್ಲ.

ಶುರುವಿಗೆ ನಿನ್ನೂರಿನದೇ ಶ್ಟೆರ್ನ್‌ಬುರ್ಗ್ ಎಕ್ಸ್‌ಪೋರ್ಟ್. ಊರಿನ ಪೂರ್ವಕ್ಕಿರುವ ರಾಯಿಡ್ನಿಟ್ಸ್ ಬಡಾವಣೆಯಲ್ಲಿ ತಯಾರಾಗುತ್ತದೆ. ಜರ್ಮನ್‌ನಲ್ಲಿ ಶ್ಟೆರ್ನ್ ಎಂದರೆ ನಕ್ಷತ್ರ, ಬಾಟಲಿಯ ಚೀಟಿಯ ಮೇಲೆಯೂ ನಕ್ಷತ್ರವಿರುತ್ತದೆ, ಹುಡುಕುವುದು ಕಷ್ಟವಲ್ಲ. ವಿದ್ಯಾರ್ಥಿಗಳೆಲ್ಲ 'ಶ್ಟೆರ್ನಿ' ಎನ್ನುತ್ತಾರೆ. ಅಂಗಡಿಯಲ್ಲಿ ಅರ್ಧ ಲೀಟರಿಗೆ ಒಂದು ಯೂರೋದೊಳಗೇ ಸಿಗಬೇಕು. ಹೊಂಬಣ್ಣ, 5.2 ಪ್ರತಿಶತ, ಸ್ವಲ್ಪ ಸಿಹಿಯ ಕಡೆಗೆ ವಾಲುವ ರುಚಿ, ಕಹಿ ಕಡಿಮೆ. ಇದರಲ್ಲಿ ವರ್ಣಿಸುವಂಥದ್ದು ಹೆಚ್ಚೇನಿಲ್ಲ. ಬಸ್ ನಿಲ್ದಾಣದ ಸುಸಲಾ ಮಿರ್ಚಿಯನ್ನು ಯಾರಾದರೂ ವರ್ಣಿಸುತ್ತಾರೆಯೇ? ಸಂಜೆ ಉದ್ಯಾನದ ಹುಲ್ಲಿನ ಮೇಲೆ ಗೆಳೆಯರ ಜೊತೆ ಕುಳಿತು ಕುಡಿಯುವುದಕ್ಕೆ ಅದು ಹೇಳಿ ಮಾಡಿಸಿದ್ದು.

ಖಾಲಿ ಬಾಟಲಿಯನ್ನು ಮಾತ್ರ ಎಸೆಯಬೇಡ. ಬೆಲೆಯ ಜೊತೆಗೆ 8 ಸೆಂಟು ಠೇವಣಿ ಹಿಡಿದಿರುತ್ತಾರೆ, ಅದಕ್ಕೆ 'ಫಾಂಡ್' ಎನ್ನುತ್ತಾರೆ. ಡಬ್ಬಿಯಾದರೆ 25 ಸೆಂಟು. ಇಪ್ಪತ್ತು ಬಾಟಲಿಯ ಪೂರ್ತಿ ಕ್ರೇಟು ತಂದರೆ ಕ್ರೇಟಿನದೂ ಸೇರಿ 3 ಯೂರೋ 10 ಸೆಂಟು. ಸೂಪರ್‌ಮಾರ್ಕೆಟ್‌ನ ಯಂತ್ರದ ಬಾಯಿಗೆ ಬಾಟಲಿ ಕೊಟ್ಟರೆ ಚೀಟಿ ಬರುತ್ತದೆ, ಅದನ್ನು ಗಲ್ಲೆಯಲ್ಲಿ ತೋರಿಸಿದರೆ ಹಣ. ನಮ್ಮ ರದ್ದಿ ಅಂಗಡಿಯವನಂತೆ ತಕ್ಕಡಿಯಲ್ಲಿ ಕೈಚಳಕ ತೋರಿಸುವುದಿಲ್ಲ. ಹೊರಗೆ ಕುಡಿದಾಗ ಮರಳಿಸುವ ಮನಸ್ಸಿಲ್ಲದಿದ್ದರೆ ಬಾಟಲಿಯನ್ನು ಕಸದ ಡಬ್ಬಿಯೊಳಗೆ ಹಾಕದೆ ಪಕ್ಕದಲ್ಲಿ ನಿಲ್ಲಿಸು. ಅದನ್ನು ಆರಿಸಿಕೊಂಡು ಹೋಗಿ ಆ ದಿನದ ಊಟಕ್ಕೆ ಸೇರಿಸಿಕೊಳ್ಳುವ ಮುದುಕರಿದ್ದಾರೆ. ಡಬ್ಬಿಯೊಳಗೆ ಕೈ ಹಾಕಿ ತಡಕಾಡುವ ಕಷ್ಟವಾದರೂ ಅವರಿಗೆ ತಪ್ಪುತ್ತದೆ.

ಇನ್ನೊಂದು, ಬೆಲೆ ನೋಡಿ ಕೊಳ್ಳುವ ಭರದಲ್ಲಿ ಚೀಟಿ ಓದುವುದನ್ನು ಮರೆಯಬೇಡ. ಹೋದ ಮೊದಲ ವಾರ ನಾನು ರಿಯಾಯಿತಿಯಲ್ಲಿದ್ದ ಒಂದು ಕ್ರೇಟನ್ನು ಬೆವರು ಸುರಿಸುತ್ತ ನಾಲ್ಕನೆಯ ಮಹಡಿಗೆ ಹೊತ್ತೆ. ಎರಡು ರಾತ್ರಿ ಕುಡಿದು, "ಜರ್ಮನಿಯ ಬಿಯರಿನ ಅಮಲು ಎಷ್ಟು ಸೌಮ್ಯ ನೋಡು" ಎಂದು ಫೋನಿನಲ್ಲಿ ಗೆಳೆಯರಿಗೆ ಉಪನ್ಯಾಸವನ್ನೂ ಕೊಟ್ಟೆ. ಮೂರನೆಯ ದಿನ ಪಕ್ಕದ ಕೋಣೆಯ ಹುಡುಗ ಬಾಟಲಿ ತಿರುಗಿಸಿ 'ಆಲ್ಕೋಹೋಲ್‌ಫ್ರೈ' ಎಂಬ ಪದವನ್ನು ತೋರಿಸಿದ. ಅಮಲಿಲ್ಲದ ಬಿಯರು! ಇದನ್ನು ಈವರೆಗೆ ನಿನ್ನ ಅತ್ತಿಗೆಗೂ ಹೇಳಿಲ್ಲ.

ಎರಡನೆಯದು ನನ್ನ ಮೆಚ್ಚಿನದು: ಕ್ಯೋಸ್ಟ್ರಿಟ್ಸರ್ ಕಪ್ಪು ಬಿಯರ್. ಪಕ್ಕದ ಟ್ಯೂರಿಂಗಿಯಾ ರಾಜ್ಯದ ಬಾಡ್ ಕ್ಯೋಸ್ಟ್ರಿಟ್ಸ್ ಎಂಬ ಸಣ್ಣ ಊರಿನದು. ಆ ಭಟ್ಟಿಯ ಇತಿಹಾಸ 1543ಕ್ಕೆ ಹೋಗುತ್ತದೆ. ನಮ್ಮ ಕಡೆ ಬೀದರಿನಲ್ಲಿ ಬರೀದಶಾಹಿಗಳು ಆಳುತ್ತಿದ್ದ ಕಾಲ ಎಂದುಕೊ. ಕವಿ ಗಯಟೆ ಕಾಯಿಲೆ ಬಿದ್ದಾಗ ಊಟ ಬಿಟ್ಟು ಇದನ್ನೇ ಕುಡಿದು ಇದ್ದನಂತೆ, ಹಾಗೆಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಸರಕು ಮಾರುವವರ ಕಥೆಯನ್ನು ಎಷ್ಟು ನಂಬಬೇಕೋ ಅಷ್ಟೇ ನಂಬು, ನಾವೂ ತೊಗರಿಬೇಳೆ ಮಾರುವವರೇ.

ಬಣ್ಣ ನೋಡಿ ಹೆದರಬೇಡ. ಲೋಟಕ್ಕೆ ಸುರಿದರೆ ಡಿಕಾಕ್ಷನ್ನಿನಂತೆ ಕಪ್ಪಾಗಿ ಕಾಣುತ್ತದೆ, ಬಾಯಿಗೆ ಹಗುರವಾಗಿರುತ್ತದೆ. 4.8 ಪ್ರತಿಶತವಷ್ಟೇ, ಅಂದರೆ ಹೊಂಬಣ್ಣದ ಶ್ಟೆರ್ನಿಗಿಂತಲೂ ಕಡಿಮೆ. ಕಪ್ಪು ಬರುವುದು ಮೊಳಕೆ ಬರಿಸಿದ ಜವೆಗೋಧಿಯಲ್ಲಿ ಒಂದು ಪಾಲನ್ನು ಚೆನ್ನಾಗಿ ಹುರಿಯುವುದರಿಂದ. ಹುರಿದ ಕಾಳಿನ ವಾಸನೆಯಲ್ಲೇ ಬೆಳೆದವರು ನಾವು, ನಿನಗೆ ಮೊದಲ ಗುಟುಕಿನಲ್ಲೇ ಗುರುತು ಸಿಗುತ್ತದೆ. ಹಂಚಿನ ಮೇಲೆ ತುಸು ಹೆಚ್ಚು ಹೊತ್ತು ಉಳಿದ ಜೋಳದ ರೊಟ್ಟಿಯ ಅಂಚು ಇರುತ್ತದಲ್ಲ, ಆ ರುಚಿ, ಹಿಂದೆಯೇ ಸ್ವಲ್ಪ ಚಾಕೊಲೇಟು. ಕಾಕು ಕಟ್ಟಿಕೊಟ್ಟ ಖಡಕ್ ರೊಟ್ಟಿ ಇನ್ನೂ ಉಳಿದಿದ್ದರೆ ಶೇಂಗಾ ಹಿಂಡಿಗೆ ಎಣ್ಣೆ ಕಲಸಿಕೊಂಡು ಇದರ ಜೊತೆ ತಿನ್ನು. ಮೊದಲ ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾಗುವ ಆ ಊರಿನಲ್ಲಿ ನನ್ನನ್ನು ಕಾಪಾಡಿದ್ದು ಈ ಜೋಡಿ. ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಬಿಟ್ಟು ಕುಡಿ, ಹುರಿದ ಪರಿಮಳ ಆಗಲೇ ಏಳುವುದು. ಬೆಲೆ ಶ್ಟೆರ್ನಿಗಿಂತ ಸ್ವಲ್ಪ ಹೆಚ್ಚು, ಹೊರೆಯಾಗುವಷ್ಟಲ್ಲ.

ಇನ್ನು ಮೂರನೆಯದು. ಬವೇರಿಯಾದ ಗೋಧಿ ಬಿಯರನ್ನು ಬರೆಯೋಣವೆಂದು ಕುಳಿತಿದ್ದೆ, ಬಾಳೆಹಣ್ಣು ಲವಂಗದ ವಾಸನೆಯ ಅದನ್ನು ನಿನಗೆ ಯಾರಾದರೂ ಕುಡಿಸಿಯೇ ಕುಡಿಸುತ್ತಾರೆ. ನಿನ್ನ ಪ್ರಶ್ನೆ ಇದ್ದದ್ದು ಮಜ್ಜಿಗೆಯ ಬಗ್ಗೆ. ಹಾಗಾದರೆ ಉತ್ತರ ಗೋಸೆ.

ತಮಾಷೆಯಲ್ಲ. ಗೋಸೆಗೆ ಉಪ್ಪು ಹಾಕುತ್ತಾರೆ, ಹವೀಜ ಹಾಕುತ್ತಾರೆ, ಮೊಸರನ್ನು ಹುಳಿ ಮಾಡುವ ಬ್ಯಾಕ್ಟೀರಿಯಾದ ಬಳಗದವೇ ಇದನ್ನೂ ಹುಳಿ ಮಾಡುತ್ತವೆ. ಗೋಧಿಯೂ ಜವೆಗೋಧಿಯೂ ಬೆರೆತ, ಮಸುಕು ಹಳದಿ ಬಣ್ಣದ ಬಿಯರು. ಮೊದಲ ಗುಟುಕಿಗೆ ನಾನು ಲೋಟವನ್ನು ಕೆಳಗಿಟ್ಟು ನಮ್ಮ ಆಯಿ ಚೈತ್ರದ ಮಧ್ಯಾಹ್ನ ತಂಬಿಗೆಯಲ್ಲಿ ಕೊಡುತ್ತಿದ್ದುದನ್ನು ನೆನೆದೆ. ಕರಿಬೇವು ಒಂದು ಇರಲಿಲ್ಲ. ಜರ್ಮನರಿಗೆ 1516ರ ಶುದ್ಧತೆಯ ಕಟ್ಟಳೆ ಎಂದರೆ ವೇದವಾಕ್ಯ: ಜವೆಗೋಧಿ, ಹಾಪ್ಸ್ ಹೂವು, ನೀರು, ಇಷ್ಟೇ ಇರಬೇಕು ಎಂದು ಬವೇರಿಯಾದ ದೊರೆಗಳು ಬರೆಸಿದ್ದು. ಉಪ್ಪು ಹವೀಜದ ಗೋಸೆ ಆ ಕಟ್ಟಳೆಯ ಹೊರಗೆ ನಿಂತು, ಪ್ರಾದೇಶಿಕ ವಿಶೇಷವೆಂಬ ವಿನಾಯಿತಿಯಲ್ಲಿ ಬದುಕಿದೆ. ಹೆಸರು ಗೊಸ್ಲಾರ್ ಎಂಬ ಊರಿನಿಂದ ಬಂದದ್ದು, ಆದರೆ ಅದನ್ನು ತಲೆಯ ಮೇಲೆ ಹೊತ್ತುಕೊಂಡದ್ದು ಲೈಪ್‌ಜಿಗ್. ಅಲ್ಲಿಯೂ 1960ರ ದಶಕದಲ್ಲಿ ತಯಾರಿಕೆ ನಿಂತೇಹೋಗಿ, 1980ರ ದಶಕದಲ್ಲಿ ಹಠ ಹಿಡಿದವರಿಂದ ಮರಳಿ ಬಂತು.

ಇದನ್ನು ಮಾತ್ರ ಒಮ್ಮೆ ಅದರ ಮನೆಗೇ ಹೋಗಿ ಕುಡಿ. ಬಾಯರಿಷರ್ ಬಾನ್‌ಹೋಫ್ ಎಂದು 1842ರ ಹಳೆಯ ರೈಲು ನಿಲ್ದಾಣವಿದೆ, ಅದರೊಳಗೇ ಗೋಸೆ ಮಾಡುತ್ತಾರೆ. ರೈಲು ಈಗ ನೆಲದಡಿಯಲ್ಲಿ ಓಡುತ್ತದೆ, ಮೇಲೆ ಬಿಯರು. ಬಾಟಲಿಯಲ್ಲೂ ಸಿಗುತ್ತದೆ, ಉಳಿದೆರಡಕ್ಕಿಂತ ದುಬಾರಿ. ಆದರೂ ತಿಂಗಳಿಗೊಂದು ಲೋಟ ನಿನ್ನ ಲೆಕ್ಕದಲ್ಲಿ ಹಿಡಿಯುತ್ತದೆ. ಹಣ್ಣಿನ ಪಾಕ ಬೆರೆಸಿ ಕೊಡಲೇ ಎಂದು ಕೇಳಿದರೆ ಮೊದಲ ಸಲ ಬೇಡವೆನ್ನು. ಮಜ್ಜಿಗೆಗೆ ಯಾರಾದರೂ ರೂಹಫ್ಜಾ ಬೆರೆಸುತ್ತಾರೆಯೇ?

ಕುಡಿದ ದಿನ ಸೈಕಲ್ ಹತ್ತಬೇಡ, ಅಲ್ಲಿ ಸೈಕಲ್ ಸವಾರನಿಗೂ ಮಿತಿ ಇದೆ, ದಂಡವೂ ಇದೆ. ಟ್ರಾಮ್ ಹಿಡಿ. 'ಪ್ರೋಸ್ಟ್' ಎಂದು ಲೋಟ ತಾಗಿಸುವಾಗ ಎದುರಿನವರ ಕಣ್ಣು ನೋಡಬೇಕು, ಲೋಟವನ್ನಲ್ಲ. ನಾನು ಡಾಬಾದ ರೂಢಿಯಂತೆ ಬೆರಳದ್ದಿ ನಾಲ್ಕು ಹನಿ ನೆಲಕ್ಕೆ ಚಿಮುಕಿಸಿ, ಇದೇನೆಂದು ಕೇಳಿದವರಿಗೆ ಅರ್ಧ ತಾಸು ವಿವರಿಸಬೇಕಾಯಿತು. ಭಾನುವಾರ ಸೂಪರ್‌ಮಾರ್ಕೆಟ್‌ಗಳು ಮುಚ್ಚಿರುತ್ತವೆ, ತರುವುದಿದ್ದರೆ ಶನಿವಾರವೇ ತಂದಿಡು. ತರಗತಿ ಇರುವ ಹಿಂದಿನ ರಾತ್ರಿ ಒಂದಕ್ಕೆ ನಿಲ್ಲಿಸು, ಅಣ್ಣನಾಗಿ ಇಷ್ಟಾದರೂ ಹೇಳದಿದ್ದರೆ ಕಾಕಾ ಅವರ ಮುಖ ನೋಡಲಾರೆ.

ಊರಲ್ಲಿ ಎಲ್ಲರೂ ಆರಾಮ. ತೊಗರಿ ಹೂವಿಗೆ ಬಂದಿದೆ, ಮೋಡ ಕಂಡರೆ ಕಾಕಾ ಅವರಿಗೆ ನಿದ್ದೆ ಇಲ್ಲ. ಗೋಸೆ ಕುಡಿದ ದಿನ ಫೋನು ಮಾಡು. ಕಾಕು ಹತ್ತಿರದಲ್ಲಿದ್ದರೆ, ಮಜ್ಜಿಗೆ ಸಿಕ್ಕಿತು, ಉಪ್ಪು ಹವೀಜ ಎಲ್ಲ ಸರಿಯಾಗಿದೆ ಎನ್ನು. ಅದರಲ್ಲಿ ಸುಳ್ಳು ಒಂದಕ್ಷರವೂ ಇರುವುದಿಲ್ಲ.

ನಿನ್ನ ಅಣ್ಣ,
ಶಿವಶರಣಪ್ಪ